ಬಂದ ಸಮಯ ಇದೆ, ಹೋದ ಸಮಯ ಎಲ್ಲಿ?

ಪ್ರಶ್ನೆ: ನಮ್ಮದು ಮಂಗಳೂರಿನ ಬಿಜೈ ಕಡೆ 40 ಮನೆಗಳ ಅಪಾರ್ಟ್‌ಮೆಂಟ್. ಗೇಟಿನ ರಿಜಿಸ್ಟರ್‌ನಲ್ಲಿ ಬಂದ ಸಮಯ ಎಲ್ಲರದ್ದೂ ಇರುತ್ತದೆ, ಹೋದ ಸಮಯದ ಕಾಲಂ ಮಾತ್ರ ಅರ್ಧಕ್ಕರ್ಧ ಖಾಲಿ. ವಾಚ್‌ಮನ್‌ಗೆ ಎಷ್ಟು ಹೇಳಿದರೂ ಅಷ್ಟೇ. ಏನು ಮಾಡೋದು?

ವಾಚ್‌ಮನ್‌ಗೆ ಇನ್ನೊಮ್ಮೆ ಬೈದು ಪ್ರಯೋಜನ ಇಲ್ಲ ಮಾರಾಯ್ರೇ. ಒಳಗೆ ಬರುವವನಿಗೆ ಗೇಟು ತೆರೆಯಬೇಕು, ಅದಕ್ಕೆ ನಿಂತು ಬರೆಯುತ್ತಾನೆ. ಹೊರಗೆ ಹೋಗುವವನಿಗೆ ಏನೂ ಬೇಕಾಗಿಲ್ಲ. ಅದರಲ್ಲೂ ಜುಲೈ ತಿಂಗಳ ಮಳೆಯಲ್ಲಿ ಬೈಕ್ ನಿಲ್ಲಿಸಿ, ರೈನ್‌ಕೋಟಿನಿಂದ ಒದ್ದೆ ಕೈ ತೆಗೆದು, ಪುಸ್ತಕದಲ್ಲಿ ತನ್ನ ಸಾಲು ಹುಡುಕಿ ಸಮಯ ಬರೆಯುವವರು ಯಾರು ಹೇಳಿ?

ಖಾಲಿ ಸಾಲಿಗಿಂತ ನನಗೆ ತುಂಬಿದ ಸಾಲುಗಳ ಮೇಲೇ ಜಾಸ್ತಿ ಅನುಮಾನ. ಒಮ್ಮೆ ಪುಟ ತಿರುವಿ ನೋಡಿ. 5.00, 5.30, 6.00 ಅಂತ ಸಮಯವೆಲ್ಲ ದುಂಡಗೆ, ಒಂದೇ ಪೆನ್ನು, ಒಂದೇ ಕೈಬರಹ ಇದ್ದರೆ ಅದು ಶಿಫ್ಟ್ ಮುಗಿಯುವಾಗ ಕುಳಿತು ಅಂದಾಜಿಗೆ ತುಂಬಿಸಿದ್ದು. ಖಾಲಿ ಬಿಟ್ಟರೆ ಗೊತ್ತಿಲ್ಲ ಅಂತಾದರೂ ತಿಳಿಯುತ್ತದೆ, ಅಂದಾಜು ಸುಳ್ಳು ಹೇಳುತ್ತದೆ.

ಇದಕ್ಕೆ ಸರಳ ದಾರಿ ಟೋಕನ್. ಕ್ಯಾಬಿನ್ ಗೋಡೆಗೆ ಒಂದು ಹಲಗೆ, ಅದರಲ್ಲಿ 1ರಿಂದ 30ರವರೆಗೆ ನಂಬರ್ ಬರೆದ ಮೊಳೆ, ಪ್ರತಿ ಮೊಳೆಗೆ ಅದೇ ನಂಬರಿನ ಪ್ಲಾಸ್ಟಿಕ್ ಬಿಲ್ಲೆ. ಬಂದವರಿಗೆ ಬಿಲ್ಲೆ ಕೊಟ್ಟು ಅದರ ನಂಬರನ್ನು ಸಾಲಿನಲ್ಲಿ ಬರೆಯಬೇಕು. ಹೋಗುವಾಗ ಬಿಲ್ಲೆ ವಾಪಸ್ ತಗೊಂಡು, ಆ ನಂಬರಿನ ಸಾಲಿನಲ್ಲಿ ವಾಚ್‌ಮನ್ನೇ ಸಮಯ ಬರೆಯಬೇಕು, ಬಂದವರಿಂದ ಬರೆಸೋದು ಬೇಡ. ಆಗ ಮೊಳೆ ಖಾಲಿ ಇದ್ದರೆ ಆ ಮನುಷ್ಯ ಒಳಗಿದ್ದಾನೆ ಅಂತ ಅರ್ಥ. ಬೆಂಕಿ ಬಿದ್ದ ಹೊತ್ತಿನಲ್ಲಿ ಪುಸ್ತಕ ಓದುತ್ತಾ ಕೂರಬೇಕಾಗಿಲ್ಲ. ಗೇಟಿನಲ್ಲೇ ಪಾರ್ಸೆಲ್ ಕೊಟ್ಟು ಹೋಗುವವರಿಗೆ ಇದ್ಯಾವುದೂ ಬೇಡ.

ಮನೆಯವರ ಒಪ್ಪಿಗೆಯ ಕಾಲಂ ಕೂಡ ಸರಿಮಾಡಿ. ಸುಮ್ನೆ ಟಿಕ್ ಹಾಕಿದರೆ ಸಾಲದು, ಇಂಟರ್‌ಕಾಮ್‌ನಲ್ಲಿ ಯಾರು ಹೂಂ ಅಂದರು ಅಂತ ಬರೆಯಲಿ. ಫೋನು ವಾಚ್‌ಮನ್ನೇ ಮಾಡಬೇಕು. ಬಂದವನು ತನ್ನ ಮೊಬೈಲಿನಲ್ಲಿ ಡಯಲ್ ಮಾಡಿ "ತಗೊಳ್ಳಿ, ಮಾತಾಡಿ" ಅಂತ ಕೊಟ್ಟರೆ ಆ ಕಡೆ ಇರುವವರು ಯಾರು ಅಂತ ಹೇಗೆ ಗೊತ್ತಾಗಬೇಕು, ಅಲ್ವಾ?

ಒಂದು ದಿನದ ಲೆಕ್ಕ ನೋಡಿ. ಎಸಿ ಮೆಕ್ಯಾನಿಕ್, 302, ಬಂದದ್ದು 11.10, ಒಪ್ಪಿದ್ದು ಮನೆಯ ಅಜ್ಜಿ, ಟೋಕನ್ 14. ರಾತ್ರಿ 8ಕ್ಕೆ ಶಿಫ್ಟ್ ಬದಲಾಗುವಾಗ ಇಬ್ಬರು ವಾಚ್‌ಮನ್‌ಗಳೂ ಹಲಗೆ ಮುಂದೆ ನಿಂತು ನೋಡುತ್ತಾರೆ, 14ರ ಮೊಳೆ ಖಾಲಿ. 302ಕ್ಕೆ ಫೋನು ಹೋಗುತ್ತದೆ. ಮಧ್ಯಾಹ್ನ ಊಟಕ್ಕೆ ಮುಂಚೆಯೇ ಹೋದನಲ್ಲ ಅನ್ನುತ್ತಾರೆ ಅಜ್ಜಿ. ಹೋದ ಸಮಯ 1.00 ಅಂತ ಬರೆಯಬೇಡಿ. "8.05ಕ್ಕೆ ವಿಚಾರಿಸಿದೆವು, ಮಧ್ಯಾಹ್ನವೇ ಹೋದ ಅಂದರು, ಟೋಕನ್ ಬಂದಿಲ್ಲ" ಅಂತ ಬರೆದು ಇಬ್ಬರೂ ಸಹಿ ಹಾಕಲಿ. ಹೀಗೆ ವಾರದಲ್ಲಿ ಮೂರು ನಾಲ್ಕು ಬಿಲ್ಲೆ ಕಾಣೆಯಾದರೆ ಬೇಸ್‌ಮೆಂಟಿನ ಹಿಂದಿನ ಗೇಟು ಹಗಲಲ್ಲಿ ತೆರೆದಿರುತ್ತದಾ ಅಂತ ಮೊದಲು ಹೋಗಿ ನೋಡಿ.