‘ನೆಕ್ಸ್ಟ್ ಸ್ಟೆಪ್’ ಅಂದರೆ ಮೊದಲು ಎಕ್ಸ್‌ರೇನಾ?

ಪ್ರಶ್ನೆ: ನೀಟ್ ಪಿಜಿ ಮಾಕ್ ಟೆಸ್ಟಲ್ಲಿ ಕಾಯಿಲೆ ಸರಿಯಾಗಿ ಗುರುತಿಸ್ತೀನಿ, ‘ನೆಕ್ಸ್ಟ್ ಬೆಸ್ಟ್ ಸ್ಟೆಪ್’ ಮಾತ್ರ ತಪ್ಪುತ್ತೆ. ಖಾತ್ರಿ ಮಾಡ್ಕೊಳ್ಳದೆ ಚಿಕಿತ್ಸೆ ಶುರು ಮಾಡಬಾರದು ಅಲ್ವಾ ಸರ್? – ಇಂಟರ್ನ್, ಮಂಡ್ಯ

ಈ ‘ಮೊದಲು ಖಾತ್ರಿ’ ಅನ್ನೋ ನಂಬಿಕೆಯನ್ನು ಎಷ್ಟು ಸಲ ಕಿತ್ತರೂ ಗರಿಕೆ ಥರ ಮತ್ತೆ ಚಿಗುರುತ್ತೆ. ಒಂದು ಕೇಸ್ ಇಟ್ಟುಕೊಂಡೇ ನೋಡೋಣ.

ಮದ್ದೂರಿನ ಹತ್ತಿರ ಬೈಕಿನಿಂದ ಬಿದ್ದ 28ರ ಯುವಕ. ಬಿಪಿ 80/50, ನಾಡಿ 130, ಏದುಸಿರು. ಬಲ ಎದೆಯಲ್ಲಿ ಉಸಿರಿನ ಸದ್ದಿಲ್ಲ, ತಟ್ಟಿದರೆ ಟೊಳ್ಳು ಸದ್ದು. ಆಯ್ಕೆಗಳು: ಎಕ್ಸ್‌ರೇ, ಸಿಟಿ, ಇಂಟ್ಯುಬೇಷನ್, ಸೂಜಿ ಚುಚ್ಚಿ ಗಾಳಿ ತೆಗೆಯುವುದು.

ಇದು ಟೆನ್ಷನ್ ನ್ಯುಮೋಥೊರಾಕ್ಸ್. ಪ್ರತಿ ಉಸಿರಿಗೂ ಗಾಳಿ ಶ್ವಾಸಕೋಶದ ಹೊರಪದರದೊಳಗೆ ಸೇರುತ್ತೆ, ಹೊರಗೆ ಬರಲ್ಲ. ಒತ್ತಡ ಏರಿ ಹೃದಯಕ್ಕೆ ವಾಪಸ್ ಬರುವ ರಕ್ತವೇ ನಿಲ್ಲುತ್ತೆ, ಅದಕ್ಕೇ ಬಿಪಿ ಬಿದ್ದಿರೋದು. ಎಕ್ಸ್‌ರೇ ಪ್ಲೇಟ್ ಬರುವಷ್ಟರಲ್ಲಿ ಹೃದಯ ನಿಂತಿರಬಹುದು. ಖಾತ್ರಿ ಬೇಕಾ? ಸ್ಟೆತಸ್ಕೋಪೂ ಬಿಪಿಯೂ ಆಗಲೇ ಕೊಟ್ಟಾಗಿದೆ. ಉತ್ತರ ಸೂಜಿ. ‘ಏರ್‌ವೇ ಫಸ್ಟ್’ ಅಂತ ಇಂಟ್ಯುಬೇಷನ್ ಒತ್ತುವವರೂ ಇದ್ದಾರೆ. ಗಾಳಿ ತೆಗೆಯದೆ ವೆಂಟಿಲೇಟರ್ ಒತ್ತಡ ಕೊಟ್ಟರೆ ಒಳಗಿನ ಗಾಳಿ ಇನ್ನೂ ಹೆಚ್ಚುತ್ತೆ.

‘ಕತ್ತಿನ ರಕ್ತನಾಳ ಉಬ್ಬಿದೆ ಅಂತ ಬರೆದೇ ಇಲ್ವಲ್ಲ’ ಅಂತ ಹಿಂದೆ ಸರಿಯಬೇಡಿ. ರಕ್ತ ಹೋಗಿದ್ದರೆ ಅದು ಉಬ್ಬೋದಿಲ್ಲ. ಶ್ವಾಸನಾಳ ಪಕ್ಕಕ್ಕೆ ಸರಿಯೋದು ಕೊನೆಗೆ ಕಾಣೋ ಲಕ್ಷಣ.

ಈಗ ಅದೇ ಯುವಕನ ಬಿಪಿ 120/80 ಮಾಡಿ, ಆಕ್ಸಿಜನ್ 96. ಮಾತಾಡ್ತಾ ಇದ್ದಾನೆ, ಎದೆಯ ಬಲಕ್ಕೆ ಸದ್ದು ಕಡಿಮೆ, ಅಷ್ಟೇ. ಈಗ ಎಕ್ಸ್‌ರೇನೇ ಸರಿ ಉತ್ತರ. ಪ್ರಶ್ನೆ ಬರೆಯುವವರು ಬದಲಿಸೋದು ಈ ಅಂಕಿಗಳನ್ನೇ. ಹಾಗಾಗಿ ಕಾಯಿಲೆಯ ಹೆಸರು ಹೊಳೆದ ಕೂಡಲೇ ಆಯ್ಕೆಗಳಿಗೆ ಜಿಗಿಯಬೇಡಿ, ಮತ್ತೊಮ್ಮೆ ಬಿಪಿ ನೋಡಿ. ಎರಡೂ ಕಡೆ ಉಸಿರಿನ ಸದ್ದು ಸಮವಾಗಿದ್ದು ಬಿಪಿ ಬಿದ್ದು ಕತ್ತಿನ ರಕ್ತನಾಳ ಉಬ್ಬಿದ್ದರೆ ಸೂಜಿ ಎದೆಗೆ ಬೇಡ. ಹೃದಯದ ಸುತ್ತ ರಕ್ತ ತುಂಬಿದೆಯಾ ಅಂತ ಅಲ್ಟ್ರಾಸೌಂಡ್ ನೋಡಬೇಕು.

ಇನ್ನು ಸೂಜಿ ಎಲ್ಲಿಗೆ? ಇದನ್ನು ನೀವು ಕೇಳಲಿಲ್ಲ, ಆದರೆ ಆಯ್ಕೆಗಳಲ್ಲಿ ಇದೂ ಬರುತ್ತೆ. ಹಳೇ ನೋಟ್ಸಿನಲ್ಲಿ ಎರಡನೇ ಪಕ್ಕೆಲುಬಿನ ಸಂದಿ, ಕಾಲರ್ ಮೂಳೆಯ ನಡುಗೆರೆ ಅಂತಿರುತ್ತೆ. 2018ರ ಎಟಿಎಲ್‌ಎಸ್ ಹತ್ತನೇ ಆವೃತ್ತಿ ವಯಸ್ಕರಿಗೆ ಅದನ್ನು ನಾಲ್ಕು–ಐದನೇ ಸಂದಿಗೆ, ಕಂಕುಳ ನಡುಗೆರೆಯ ಸ್ವಲ್ಪ ಮುಂದಕ್ಕೆ ಬದಲಿಸಿತು. ಮಕ್ಕಳಿಗೆ ಎರಡನೇ ಸಂದಿಯೇ. ಮುಂಭಾಗದ ಎದೆಗೋಡೆ ದಪ್ಪವಿದ್ದವರಲ್ಲಿ 5 ಸೆಂಟಿಮೀಟರ್ ಸೂಜಿ ಒಳಗೇ ಮುಟ್ಟದೆ ಹೋಗುತ್ತೆ, 8ರದ್ದು ಮುಟ್ಟುವ ಸಾಧ್ಯತೆ ಹೆಚ್ಚು. ಚುಚ್ಚೋದು ಕೆಳಗಿನ ಪಕ್ಕೆಲುಬಿನ ಮೇಲಂಚಿಗೆ ತಾಗಿಸಿ, ಮೇಲಿನದರ ಕೆಳಅಂಚಲ್ಲಿ ರಕ್ತನಾಳ, ನರ ಓಡುತ್ತವೆ. ‘ಸೂಜಿ ಆಯಿತು, ಮುಂದೇನು’ ಅಂತ ಕೇಳಿದರೆ ಚೆಸ್ಟ್ ಟ್ಯೂಬ್. ಆಮೇಲೆ ಬೇಕಾದರೆ ನಿಮ್ಮ ಎಕ್ಸ್‌ರೇ ತೆಗೆಸಿ.