ಬೈಟೂ ಕಾಫಿಯ ಲಿಮಿಟ್

ಹೋದ ವರ್ಷ ನೆಂಟರ ಮನೆಯ ಗೃಹಪ್ರವೇಶದ ಊಟ ಮುಗಿಸಿ ಎಲ್ಲರೂ ಚಾಪೆಯ ಮೇಲೆ ಕೂತಿದ್ದೆವು. ಎಂಜಿನಿಯರಿಂಗ್ ಓದುವ ಚಿಕ್ಕಮ್ಮನ ಮಗ ಫೋನ್ ನೋಡಿಕೊಂಡು ಒಂದು ಜೋಕು ಓದಿದ. "ಜಗತ್ತಿನಲ್ಲಿ 10 ಬಗೆಯ ಜನ ಇದ್ದಾರೆ. ಬೈನರಿ ಗೊತ್ತಿರುವವರು, ಗೊತ್ತಿಲ್ಲದವರು." ಅವನ ಇಬ್ಬರು ಗೆಳೆಯರು ನಕ್ಕರು. ನಮ್ಮ ಸೋದರತ್ತೆ ನನ್ನ ಕಡೆ ತಿರುಗಿ ಕೇಳಿದರು. "ಹತ್ತು ಬಗೆ ಅಂದ, ಎರಡೇ ಹೇಳಿದ. ಮಿಕ್ಕ ಎಂಟು ಎಲ್ಲೋ?"

ಅತ್ತೆಯ ಪ್ರಶ್ನೆ ಸರಿಯಾಗಿಯೇ ಇತ್ತು. ಬೈನರಿಯಲ್ಲಿ ಇರುವ ಅಂಕಿಗಳು ಎರಡೇ, 0 ಮತ್ತು 1. ಅಲ್ಲಿ 10 ಅಂತ ಬರೆದರೆ ಅದರ ಬೆಲೆ ಎರಡು. ಕಣ್ಣಿಗೆ ಇದು 10 ಆಗಿ ಕಾಣುವುದರಲ್ಲೇ ಜೋಕಿನ ಜೀವ ಇದೆ. ಬಾಯಲ್ಲಿ ಓದುವಾಗ ಅದು "ಹತ್ತು" ಆಗಿಬಿಡುತ್ತದೆ. "ಒಂದು ಸೊನ್ನೆ" ಎಂದು ಓದಿದರೆ ಗುಟ್ಟು ಮೊದಲೇ ರಟ್ಟಾಗುತ್ತದೆ. ಬರಹದಲ್ಲಿ ಮಾತ್ರ ಬದುಕುವ ಜೋಕನ್ನು ಅವನು ಬಾಯಲ್ಲಿ ಹೇಳಿದ್ದ. ನನಗೆ ಇನ್ನೂ ಜಾಸ್ತಿ ಚುಚ್ಚಿದ್ದು ಬೇರೆ ವಿಷಯ. ಕೂತವರನ್ನು ಗೊತ್ತಿರುವವರು, ಗೊತ್ತಿಲ್ಲದವರು ಅಂತ ಆ ಜೋಕೇ ಎರಡು ಭಾಗ ಮಾಡುತ್ತದೆ. ಅರ್ಥವಾಗದವರು ನಗದೇ ಕೂತರೆ ಸಾಲದು, ಅವರೇ ನಗೆಯ ವಸ್ತುವೂ ಆಗಬೇಕು.

ಗಣಿತ ಗೊತ್ತಿದ್ದವರಿಗೆ ಒಂದು ತುತ್ತು ಜಾಸ್ತಿ ಸಿಗಬೇಕು, ಉಳಿದವರ ಎಲೆಯೂ ಖಾಲಿ ಇರಬಾರದು. ಅಂಥ ಒಂದು ಜೋಕು ಬರೆಯಬೇಕು ಅಂತ ಅವತ್ತೇ ಅನ್ನಿಸಿತು.

ಗಣಿತದವರ ನಡುವೆ ಒಂದು ಹಳೆಯ ಇಂಗ್ಲಿಷ್ ಜೋಕು ಓಡಾಡುತ್ತಿರುತ್ತದೆ. ಕೊನೆಯೇ ಇಲ್ಲದಷ್ಟು ಗಣಿತಜ್ಞರು ಒಂದು ಬಾರ್‌ಗೆ ಹೋಗುತ್ತಾರೆ. ಮೊದಲನೆಯವನು ಒಂದು ಬಿಯರ್ ಕೇಳುತ್ತಾನೆ, ಎರಡನೆಯವನು ಅರ್ಧ, ಮೂರನೆಯವನು ಕಾಲು. ಬಾರಿನವನು ಎರಡು ಬಿಯರ್ ಇಟ್ಟು, ನಿಮ್ಮ ಲಿಮಿಟ್ ತಿಳಿದುಕೊಳ್ಳಿ ಅನ್ನುತ್ತಾನೆ. ನಾನು ಇದನ್ನೇ ಹಿಡಿದುಕೊಂಡೆ. ಅರ್ಧ ಅರ್ಧ ಮಾಡಿ ಕುಡಿಯುವುದು ನಮಗೇನು ಹೊಸದೇ? ನಮ್ಮ ಹೋಟೆಲುಗಳಲ್ಲಿ ಬೈಟೂ ಕಾಫಿ ಇದೆ. ಒಂದು ಕಾಫಿ ಹೇಳಿ ಎರಡು ಲೋಟಕ್ಕೆ ಹಾಕಿಸಿಕೊಳ್ಳುವುದನ್ನು ಯಾರಿಗೂ ವಿವರಿಸಬೇಕಿಲ್ಲ. "ಲಿಮಿಟ್" ಕೂಡ ನಮ್ಮ ಮಾತಿಗೆ ಬಂದುಬಿಟ್ಟಿದೆ. ಲಿಮಿಟ್ಟಲ್ಲಿ ಇರು ಅಂತ ಮಕ್ಕಳನ್ನು ಗದರುತ್ತೇವೆ. ಕಾಲೇಜಿನ ಗಣಿತದಲ್ಲಿ ಓದುವುದೂ ಅದೇ ಪದ. ಬಾರನ್ನು ಬಿಟ್ಟು ಹೋಟೆಲಿಗೆ ಬಂದ ಕೂಡಲೇ ಜೋಕಿನ ಅರ್ಧ ಭಾಗ ಎಲ್ಲರದ್ದೂ ಆಯಿತು.

ಮೊದಲ ಸಲ ನಾನು ಹೀಗೆ ಬರೆದೆ. ಗಣಿತದ ಮೇಷ್ಟ್ರುಗಳ ಕೊನೆಯಿಲ್ಲದ ಸಾಲೊಂದು ಹೋಟೆಲಿಗೆ ಬಂತು. ಮೊದಲನೆಯವರು ಫುಲ್ ಕಾಫಿ ಕೇಳಿದರು, ಎರಡನೆಯವರು ಬೈಟೂ, ಮೂರನೆಯವರು ಬೈಫೋರ್, ನಾಲ್ಕನೆಯವರು ಬೈಯೆಯ್ಟ್. ಸಪ್ಲೈಯರ್ ಎರಡು ಕಾಫಿ ಇಟ್ಟು "ನಿಮ್ಮ ಲಿಮಿಟ್ ಇಷ್ಟೇ ಸಾರ್" ಅಂದ.

ಅತ್ತೆಗೆ ಹೇಳಿದೆ. ಸಾಲು ಬಂದಲ್ಲಿ ಸ್ವಲ್ಪ ನಕ್ಕರು, ಕೊನೆಗೆ ಸುಮ್ಮನಾದರು. ನಾನು ಏನನ್ನೂ ವಿವರಿಸಲಿಲ್ಲ. ನಕ್ಕಾದ ಮೇಲೆ ವಿವರಿಸಿದರೆ ಪರವಾಗಿಲ್ಲ. ನಗುವಿಗೋಸ್ಕರ ವಿವರಿಸಿದರೆ ಅದು ಪಾಠ ಆಗುತ್ತದೆ. ಬದಲಿಗೆ, "ಇದನ್ನ ಪಕ್ಕದ ಮನೆಯವರಿಗೆ ಹೇಳಿ ಅತ್ತೆ" ಅಂದೆ. ಜೋಕು ಎಲ್ಲಿ ಸೋರುತ್ತಿದೆ ಅಂತ ನೋಡಲು ನನಗೆ ಗೊತ್ತಿರುವ ದಾರಿ ಇದೊಂದೇ. ವಿಷಯ ಗೊತ್ತಿಲ್ಲದವರ ಬಾಯಲ್ಲಿ ಅದನ್ನು ಮತ್ತೆ ಹೇಳಿಸಬೇಕು. ಅವರು ಏನನ್ನು ಬಿಟ್ಟರು, ಏನನ್ನು ಬದಲಿಸಿದರು ಅಂತ ನೋಡಬೇಕು. ಅಂಥ ಕಡೆ ಜೋಕಿನಲ್ಲಿ ಕಾಲಿಡಲು ಜಾಗವಿರಲಿಲ್ಲ ಅಂತ ಅರ್ಥ.

ಅತ್ತೆ ಹೇಳಿದ್ದು ಹೀಗೆ. "ಮೊದಲನೆಯವರು ಫುಲ್, ಆಮೇಲೆ ಬೈಟೂ, ಬೈತ್ರೀ, ಬೈಫೋರ್..."

ಕಾಫಿ ಹೇಳುವ ಕ್ರಮ ಅದೇ ಅಲ್ವಾ? ಎರಡಾದ ಮೇಲೆ ಮೂರು. ಬೈಯೆಯ್ಟ್ ಕಾಫಿಯನ್ನು ಯಾರೂ ಕೇಳುವುದಿಲ್ಲ. ಆದರೆ ಆ ಒಂದು ಬದಲಾವಣೆಯಿಂದ ಗಣಿತ ಪೂರ್ತಿ ತಲೆಕೆಳಗಾಯಿತು. ಒಂದು, ಅರ್ಧ, ಮೂರರಲ್ಲೊಂದು, ನಾಲ್ಕರಲ್ಲೊಂದು ಕೂಡಿಸಿ ನೋಡಿ. 25/12 ಬರುತ್ತದೆ. ನಾಲ್ಕನೆಯವರ ಹೊತ್ತಿಗೇ ಸಪ್ಲೈಯರ್ ಇಟ್ಟ ಎರಡು ಕಾಫಿ ಸಾಲದೆ ಹೋಗುತ್ತದೆ.

ಮೂಲ ಜೋಕಿನಲ್ಲಿ ಎರಡೇ ಸಾಕಾಗುವುದು ಹೇಗೆ? ಮೇಜಿನ ಮೇಲೆ ಎರಡು ಲೋಟ ಇಡಿ. ಮೊದಲನೆಯವರು ಒಂದನ್ನು ಪೂರ್ತಿ ಕುಡಿದರು. ಎರಡನೆಯವರು ಇನ್ನೊಂದರಲ್ಲಿ ಅರ್ಧ ಕುಡಿದರು, ಅರ್ಧ ಉಳಿಯಿತು. ಮೂರನೆಯವರು ಕಾಲು ಕುಡಿದರು, ಕಾಲು ಉಳಿಯಿತು. ಯಾರೇ ಬರಲಿ, ಅವರು ಕುಡಿದಷ್ಟೇ ಲೋಟದಲ್ಲಿ ಉಳಿದಿರುತ್ತದೆ. ಹಾಗಾಗಿ ಎರಡನೇ ಲೋಟ ಎಂದೂ ಸಾಲದೆ ಹೋಗುವುದಿಲ್ಲ. ಉಳಿದದ್ದು ಮಾತ್ರ ಸಣ್ಣದಾಗುತ್ತಾ ಹೋಗುತ್ತದೆ. ಒಂದು ಲೋಟಕ್ಕೆ 100 ಮಿಲಿ ಎಂದಿಟ್ಟುಕೊಂಡರೆ, ಹತ್ತು ಜನ ಕುಡಿದ ಮೇಲೆ ಉಳಿಯುವುದು 512ರಲ್ಲಿ ಒಂದು ಪಾಲು. ಅಂದರೆ 0.2 ಮಿಲಿ, ಸುಮಾರು ನಾಲ್ಕು ಹನಿ. ಒಟ್ಟು ಎರಡನ್ನು ಯಾವತ್ತೂ ದಾಟುವುದಿಲ್ಲ, ಎರಡಕ್ಕೆ ಬೇಕಾದಷ್ಟು ಹತ್ತಿರ ಹೋಗುತ್ತದೆ. ಗಣಿತದಲ್ಲಿ ಲಿಮಿಟ್ ಅಂದರೆ ಆ ಎರಡು. ಸಾಲಿಗೆ ಕೊನೆ ಇರಬಾರದು ಎನ್ನುವುದೂ ಇದಕ್ಕೇ. ಹತ್ತೇ ಜನ ಬಂದಿದ್ದರೆ ನಾಲ್ಕು ಹನಿ ಕಾಫಿ ದಂಡ.

ಈ ಲೆಕ್ಕ ನಮ್ಮ ಪಕ್ಕದ ಕೇರಳಕ್ಕೆ ಹಳೆಯದು. ಅಲ್ಲಿನ ಗಣಿತಜ್ಞ ನೀಲಕಂಠ ಸೋಮಯಾಜಿ 16ನೇ ಶತಮಾನದ ಆರಂಭದಲ್ಲಿ ಆರ್ಯಭಟೀಯಕ್ಕೆ ಭಾಷ್ಯ ಬರೆದರು. ನಾಲ್ಕರಲ್ಲೊಂದು, ಅದರ ನಾಲ್ಕರಲ್ಲೊಂದು, ಮತ್ತೆ ಅದರ ನಾಲ್ಕರಲ್ಲೊಂದು, ಹೀಗೆ ಕೊನೆಯಿಲ್ಲದೆ ಕೂಡಿಸಿದರೆ ಮೂರರಲ್ಲೊಂದು ಬರುತ್ತದೆ ಎಂದು ಅದರಲ್ಲಿ ತೋರಿಸಿದ್ದಾರೆ. ಮೊತ್ತ ಅಲ್ಲಿಯವರೆಗೆ ಮಾತ್ರ ಬೆಳೆಯುತ್ತದೆ ಎಂದು ಹೇಗೆ ಗೊತ್ತು, ನಿಜಕ್ಕೂ ಅಲ್ಲಿಯವರೆಗೆ ಬೆಳೆಯುತ್ತದೆ ಎಂದು ಹೇಗೆ ಗೊತ್ತು ಎಂಬ ಎರಡು ಪ್ರಶ್ನೆಗಳನ್ನು ಅವರು ಬೇರೆ ಬೇರೆಯಾಗಿ ಕೇಳಿದ್ದರು. ದಾಟುವುದಿಲ್ಲ ಎನ್ನುವುದು ಒಂದು, ಮುಟ್ಟುವಷ್ಟು ಹತ್ತಿರ ಹೋಗುತ್ತದೆ ಎನ್ನುವುದು ಇನ್ನೊಂದು. ಎರಡು ಲೋಟದಲ್ಲಿ ನಾವು ನೋಡಿದ್ದೂ ಇವೇ ಎರಡನ್ನು.

ಅತ್ತೆಯ ತಪ್ಪಿನಿಂದ ನನ್ನ ತಪ್ಪು ಗೊತ್ತಾಯಿತು. ಬೈಫೋರ್, ಬೈಯೆಯ್ಟ್ ಅಂದಾಗ ಕೇಳುವವರು ಮನಸ್ಸಿನಲ್ಲಿ ಭಾಗಾಕಾರ ಮಾಡಬೇಕು. ಅದರ ಬದಲು ಪ್ರತಿಯೊಬ್ಬರೂ ಮುಂದೆ ನಿಂತವರ ಲೋಟ ತೋರಿಸಿ ಕೇಳಿದರೆ? ಆಗ ಲೆಕ್ಕ ಬಾಯಿಪಾಠ ಬೇಡ, ಮರೆತು ಬದಲಿಸುವುದಕ್ಕೂ ಆಗುವುದಿಲ್ಲ. ಕೊನೆಯ ಮಾತಿನಲ್ಲೂ ಒಂದು ಕೊರತೆ ಇತ್ತು. ಎರಡು ಎಲ್ಲಿಂದ ಬಂತು ಅಂತ ಕಾಣುತ್ತಿರಲಿಲ್ಲ. ಅದನ್ನು ಸಪ್ಲೈಯರ್ ಬಾಯಲ್ಲೇ ಹೇಳಿಸಿದೆ.

"ಗಣಿತದ ಮೇಷ್ಟ್ರುಗಳ ಸಾಲೊಂದು ಹೋಟೆಲಿಗೆ ಬಂತು. ಸಾಲಿಗೆ ಕೊನೆಯೇ ಇಲ್ಲ. ಮೊದಲನೆಯವರು ಒಂದು ಕಾಫಿ ಅಂದರು. ಎರಡನೆಯವರು, ನನಗೆ ಅವರದ್ದರಲ್ಲಿ ಅರ್ಧ ಅಂದರು. ಮೂರನೆಯವರು, ನನಗೆ ಇವರದ್ದರಲ್ಲಿ ಅರ್ಧ ಅಂದರು. ನಾಲ್ಕನೆಯವರು ಬಾಯಿ ತೆರೆಯುವಷ್ಟರಲ್ಲಿ ಸಪ್ಲೈಯರ್ ಎರಡು ಲೋಟ ಕುಕ್ಕಿದ. ಮೊದಲನೆಯವರಿಗೆ ಒಂದು, ಮಿಕ್ಕ ಅಷ್ಟೂ ಜನಕ್ಕೆ ಸೇರಿ ಒಂದು. ನಿಮ್ಮ ಲಿಮಿಟ್ ಅಷ್ಟೇ ಸಾರ್."

ಈಗ ಅತ್ತೆ ನಕ್ಕರು. ಅವರ ಕಣ್ಣ ಮುಂದೆ ಇದ್ದದ್ದು ಒಂದೇ ಲೋಟದ ಸುತ್ತ ನಿಂತ ಕೊನೆಯಿಲ್ಲದ ಮೇಷ್ಟ್ರುಗಳು, ಬೈಟೂ ಗಿರಾಕಿಗಳಿಂದ ಬೇಸತ್ತ ಸಪ್ಲೈಯರ್. ಪಿಯುಸಿ ಗಣಿತ ಓದಿದವರಿಗೆ ಅದೇ ಮಾತಿನಲ್ಲಿ ಸರಿಯಾದ ಉತ್ತರವೂ ಕಾಣುತ್ತದೆ. ಸಪ್ಲೈಯರ್ ಬೈಯುತ್ತಲೇ ಲೆಕ್ಕ ಮುಗಿಸಿದ್ದಾನೆ. ಮೇಷ್ಟ್ರುಗಳು ಸೋತಿದ್ದಾರೆ, ಕೇಳುತ್ತಾ ಕೂತವರು ಯಾರೂ ಸೋತಿಲ್ಲ.

ಅತ್ತೆಯ ಬೈಟೂ, ಬೈತ್ರೀ ಸಾಲನ್ನು ಬಿಟ್ಟುಬಿಡಲು ಮಾತ್ರ ನನಗೆ ಮನಸ್ಸಾಗಲಿಲ್ಲ. ನೋಡಲು ಅದೂ ಹಾಗೇ ಇದೆ. ಒಬ್ಬೊಬ್ಬರ ಪಾಲೂ ಸಣ್ಣದಾಗುತ್ತಲೇ ಹೋಗುತ್ತದೆ. ಆದರೂ ಎಷ್ಟು ಕಾಫಿ ಮಾಡಿದರೂ ಅವರಿಗೆ ಸಾಲದು. ಫ್ರಾನ್ಸಿನ ನಿಕೋಲ್ ಒರೆಮ್ ಎಂಬ ವಿದ್ವಾಂಸ 14ನೇ ಶತಮಾನದಲ್ಲೇ ಇದನ್ನು ಸಾಧಿಸಿ ತೋರಿಸಿದ್ದ. ಸಾಲನ್ನು ಗುಂಪು ಮಾಡಿ ನೋಡಬೇಕು, ಅಷ್ಟೇ. ಬೈತ್ರೀ, ಬೈಫೋರ್ ಇಬ್ಬರೂ ಸೇರಿದರೆ ಅರ್ಧ ಕಾಫಿಗಿಂತ ಜಾಸ್ತಿ. ಐದರಿಂದ ಎಂಟರವರೆಗಿನ ನಾಲ್ವರಲ್ಲಿ ಯಾರ ಪಾಲೂ ಎಂಟರಲ್ಲೊಂದಕ್ಕಿಂತ ಕಡಿಮೆ ಇಲ್ಲ, ಹಾಗಾಗಿ ಅವರದ್ದೂ ಅರ್ಧಕ್ಕಿಂತ ಜಾಸ್ತಿ. ಮುಂದಿನ ಎಂಟು ಜನ ಸೇರಿ ಇನ್ನೊಂದು ಅರ್ಧ, ಆಮೇಲಿನ ಹದಿನಾರು ಜನ ಮತ್ತೊಂದು ಅರ್ಧ. ಅರ್ಧಗಳು ಬರುತ್ತಲೇ ಇರುತ್ತವೆ. ಬಹಳ ನಿಧಾನ, ಅದು ನಿಜ. ಐದು ಕಾಫಿ ದಾಟಲು 83 ಜನ ಬೇಕು. ಹತ್ತು ದಾಟಲು 12,367 ಜನ. ಇಪ್ಪತ್ತು ದಾಟುವ ಹೊತ್ತಿಗೆ ಸಾಲಿನಲ್ಲಿ 27 ಕೋಟಿಗೂ ಮಿಕ್ಕಿ ಜನ ಕುಡಿದಿರುತ್ತಾರೆ. ಆದರೆ ನಿಲ್ಲುವ ಜಾಗ ಇಲ್ಲ.

ಪಾಲು ಸಣ್ಣದಾಗುತ್ತಾ ಹೋದರೆ ಸಾಲದು, ಸಾಕಷ್ಟು ಬೇಗ ಸಣ್ಣದಾಗಬೇಕು. ಇದನ್ನು ಕಾಲೇಜಿನಲ್ಲಿ ನಾನು ಪರೀಕ್ಷೆಗೆ ಓದಿ ಬರೆದಿದ್ದೆ. ಅತ್ತೆಯ ಬಾಯಲ್ಲಿ ಬೈತ್ರೀ ಕೇಳಿದ ದಿನ ಅದು ನಿಜವಾಗಿ ಮನಸ್ಸಿಗೆ ಇಳಿಯಿತು.

ಲೋಟ ಇಟ್ಟು, ನೀರು ಹಾಕಿ, ಇಷ್ಟನ್ನೂ ಅತ್ತೆಗೆ ತೋರಿಸಿದೆ. ಬೈಫೋರ್ ಹೊತ್ತಿಗೆ ಎರಡು ಲೋಟ ಖಾಲಿಯಾಗಿ, ಇನ್ನೂ ಸ್ವಲ್ಪ ಬೇಕಾದದ್ದನ್ನು ಅವರೇ ನೋಡಿದರು. ಮುಂದಿನ ತಿಂಗಳು ಒಂದು ನಾಮಕರಣಕ್ಕೆ ಹೋಗಿದ್ದೆವು. ಅಲ್ಲಿ ಅತ್ತೆ ಮೊದಲ ಸಾಲಿನ ಕಥೆ ಹೇಳಿದರು. ಎಲ್ಲರೂ ನಕ್ಕು ಮುಗಿಸುವ ಮೊದಲೇ ಕೈ ಎತ್ತಿ, ಇರಿ ಇರಿ, ಮಾರನೇ ದಿನ ಇನ್ನೊಂದು ಸಾಲು ಬಂತು ಅಂದರು. "ಮೊದಲನೆಯವರು ಫುಲ್, ಆಮೇಲೆ ಬೈಟೂ, ಬೈತ್ರೀ, ಬೈಫೋರ್. ಸಪ್ಲೈಯರ್ ಓಡಿಹೋಗಿ ಶಟರ್ ಎಳೆದ. ಯಾಕೋ ಅಂತ ಓನರ್ ಕೇಳಿದರು. ನಿನ್ನೆಯವರೇ ಪರವಾಗಿಲ್ಲ ಸ್ವಾಮಿ, ಇವರಿಗೆ ಲಿಮಿಟ್ಟೇ ಇಲ್ಲ ಅಂದ."

ಇಡೀ ಚಾಪೆ ನಕ್ಕಿತು. ಚಿಕ್ಕಮ್ಮನ ಮಗ ಒಂದು ಕ್ಷಣ ತಡೆದು, ಬೆರಳಲ್ಲಿ ಏನೋ ಲೆಕ್ಕ ಹಾಕಿ, ಎರಡನೇ ಸಲ ನಕ್ಕ.