‘Desktop site’ ಟಿಕ್ ಹಾಕಿದರೂ ಪುಟ ಯಾಕೆ ಬದಲಾಗೋದಿಲ್ಲ?

ಪ್ರಶ್ನೆ: ಫೋನಿನಲ್ಲಿ ಒಂದು ಸೈಟ್ ತೆರೆದರೆ ಮೆನು ಎಲ್ಲಾ ಮೂರು ಗೆರೆಯ ಗುಂಡಿಯೊಳಗೆ ಮುದುಡಿಕೊಂಡಿರುತ್ತದೆ. ಕ್ರೋಮ್‌ನ ಮೂರು ಚುಕ್ಕಿ ಒತ್ತಿ ‘Desktop site’ ಟಿಕ್ ಹಾಕಿದೆ. ಅಕ್ಷರ ಚಿಕ್ಕದಾಯ್ತು, ಮೆನು ಮಾತ್ರ ಹಾಗೇ ಇದೆ. ಇನ್ನೊಂದು ಸೈಟಿನಲ್ಲಿ ಅಕ್ಷರ ಚಿಕ್ಕದಾಯ್ತು ಅಷ್ಟೇ, ಪುಟ ಪೂರ್ತಿ ಮೊಬೈಲಿನದೇ ಉಳಿಯಿತು. ತಪ್ಪು ಎಲ್ಲಿದೆ?

ಉತ್ತರ: ನಿಮ್ಮ ತಪ್ಪೇನಿಲ್ಲ. ಆ ಟಿಕ್ ಮಾಡೋದು ಎರಡೇ ಕೆಲಸ. ಆ ಎರಡರಲ್ಲಿ ಯಾವುದು ಫಲಿಸಲಿಲ್ಲ ಅಂತ ಗೊತ್ತಾದರೆ ಮುಂದಿನ ದಾರಿ ಸಿಗುತ್ತದೆ.

ಮೊದಲನೆಯದು, ಪರಿಚಯ ಬದಲಿಸೋದು. ಪುಟ ಕೇಳುವಾಗ ಬ್ರೌಸರ್ ತಾನು ಯಾರು ಅಂತ ಸೈಟಿಗೆ ಒಂದು ಸಾಲು ಕಳಿಸುತ್ತದೆ. ಆಂಡ್ರಾಯ್ಡ್ ಕ್ರೋಮ್ ಕಳಿಸುವ ಸಾಲಿನಲ್ಲಿ `Android` ಮತ್ತು `Mobile` ಎಂಬ ಪದಗಳಿರುತ್ತವೆ. ಟಿಕ್ ಹಾಕಿದರೆ ಅವು ಮಾಯ, ಆ ಜಾಗದಲ್ಲಿ ಕಂಪ್ಯೂಟರಿನ ಪರಿಚಯ ಹೋಗುತ್ತದೆ. ಎರಡನೆಯದು, ಪುಟ ಹರಡುವ ಅಗಲ ಬದಲಿಸೋದು. ಮಾಮೂಲಿಯಾಗಿ ಫೋನು ಪುಟಕ್ಕೆ ಸುಮಾರು 360ರಿಂದ 430 ಪಿಕ್ಸೆಲ್ ಅಗಲ ಕೊಡುತ್ತದೆ. ಇದು ಲೆಕ್ಕದ ಪಿಕ್ಸೆಲ್, ಪರದೆಯ ನಿಜವಾದ ಚುಕ್ಕಿಗಳಲ್ಲ. ಟಿಕ್ ಹಾಕಿದಾಗ ಬ್ರೌಸರ್ ಪುಟವನ್ನು 980 ಪಿಕ್ಸೆಲ್ ಅಗಲಕ್ಕೆ ಹರಡಿ, ಆಮೇಲೆ ಪರದೆಗೆ ಹಿಡಿಯುವಷ್ಟು ಕುಗ್ಗಿಸುತ್ತದೆ. ಅಕ್ಷರ ಇರುವೆಯಷ್ಟಾಗೋದು ಇದರಿಂದಲೇ.

ಈಗ ನಿಮ್ಮ ಮೊದಲ ಸೈಟ್ ನೋಡೋಣ. ಅಕ್ಷರ ಚಿಕ್ಕದಾಯ್ತು ಅಂದರೆ ಅಗಲ ಬದಲಾಗಿದೆ, ಟಿಕ್ ಕೆಲಸ ಮಾಡಿದೆ. ಮತ್ತೆ ಮೆನು ಯಾಕೆ ಬಿಚ್ಚಿಕೊಳ್ಳಲಿಲ್ಲ? ಇಂದಿನ ಬಹಳಷ್ಟು ಸೈಟುಗಳು ಪರಿಚಯದ ಸಾಲನ್ನು ನೋಡೋದೇ ಇಲ್ಲ. ಅಗಲ ಎಷ್ಟಿದೆ ಅಂತ ಮಾತ್ರ ನೋಡಿ ವಿನ್ಯಾಸ ಆರಿಸುತ್ತವೆ. ಬೂಟ್‌ಸ್ಟ್ರಾಪ್ ಅಂತ ತುಂಬಾ ಬಳಕೆಯಲ್ಲಿರುವ ಒಂದು ವಿನ್ಯಾಸದ ಸಾಮಗ್ರಿ ಇದೆ. ಅದನ್ನು ಬಳಸಿದ ಎಷ್ಟೋ ಸೈಟುಗಳ ಮೆನುವಿಗೆ ಹೀಗೊಂದು ಷರತ್ತು ಇರುತ್ತದೆ:

```
@media (min-width: 992px)
```

ಅಗಲ 992 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಮೆನು ಬಿಚ್ಚು ಅಂತ ಇದರ ಅರ್ಥ. ನಿಮ್ಮ ಫೋನು ಕೊಟ್ಟಿದ್ದು 980. ಬರೀ ಹನ್ನೆರಡು ಪಿಕ್ಸೆಲ್ ಕಮ್ಮಿ! ಹಾಗಾಗಿ ಸೈಟು ನಿಮಗೆ ಕಂಪ್ಯೂಟರಿನ ವಿನ್ಯಾಸ ಕೊಡದೆ ಟ್ಯಾಬ್ಲೆಟ್ಟಿನದನ್ನು ಕೊಟ್ಟಿತು. ಇದು ಗೊತ್ತಾಗುವ ಮೊದಲು ನಾನು ಒಂದೇ ಪುಟವನ್ನು ಹತ್ತಾರು ಸಲ ರಿಫ್ರೆಶ್ ಮಾಡಿ ಬ್ರೌಸರಿಗೆ ಬೈದಿದ್ದೇನೆ.

ಇಂಥ ಸೈಟಿನಲ್ಲಿ ಟಿಕ್ ತೆಗೆದುಬಿಡಿ. ಮೂರು ಗೆರೆಯ ಗುಂಡಿಯನ್ನೇ ಒತ್ತಿ. ಹುಡುಕುತ್ತಿದ್ದ ಕೊಂಡಿ ಸಾಮಾನ್ಯವಾಗಿ ಅಲ್ಲೇ ಒಳಗಿರುತ್ತದೆ. ಮೆನು ಬಿಟ್ಟು ಅಗಲವಾದ ಪಟ್ಟಿಯೊಂದರ ಕೊನೆಯ ಕಾಲಂ ಕಾಣುತ್ತಿಲ್ಲ ಅನ್ನೋದು ತೊಂದರೆಯಾದರೆ, ಟಿಕ್ ಇಲ್ಲದೆ ಫೋನನ್ನು ಅಡ್ಡ ಹಿಡಿದು ನೋಡಿ. ಅಗಲ ಹೆಚ್ಚುಕಮ್ಮಿ ದುಪ್ಪಟ್ಟಾಗುತ್ತದೆ, ಅಕ್ಷರವೂ ಓದುವಂತಿರುತ್ತದೆ. ಎಷ್ಟೋ ಸಲ ಅಷ್ಟೇ ಸಾಕು.

ಎರಡನೇ ಸೈಟಿನ ಕಥೆ ಬೇರೆ. ಪುಟ ಪೂರ್ತಿ ಮೊಬೈಲಿನದೇ ಉಳಿದಿದ್ದರೆ ವಿಳಾಸದ ಪಟ್ಟಿ ನೋಡಿ. ಶುರುವಿನಲ್ಲಿ `m.` ಇದೆಯಾ? ಕೆಲವು ಸೈಟುಗಳು ಮೊಬೈಲಿಗೆ ಬೇರೆಯೇ ವಿಳಾಸ ಇಟ್ಟಿರುತ್ತವೆ. ನೀವು ಈಗಾಗಲೇ ಆ ಮನೆಯೊಳಗೆ ಕೂತಿದ್ದೀರಿ. ಪರಿಚಯ ಬದಲಿಸಿದ ಮಾತ್ರಕ್ಕೆ ಆ ಸೈಟು ನಿಮ್ಮನ್ನು ಪಕ್ಕದ ಮನೆಗೆ ಕಳಿಸಲೇಬೇಕು ಅಂತೇನಿಲ್ಲ. ಮೊದಲು ಟಿಕ್ ಹಾಕಿ, ಆಮೇಲೆ ವಿಳಾಸದಿಂದ `m.` ಅಳಿಸಿ, ಬೇಕಿದ್ದರೆ ಅಲ್ಲಿ `www.` ಸೇರಿಸಿ ತೆರೆಯಿರಿ. ಟಿಕ್ ಇಲ್ಲದೆ ಹೋದರೆ ಸೈಟು ನಿಮ್ಮನ್ನು ಮತ್ತೆ `m.`ಗೇ ತಳ್ಳಬಹುದು. ಟಿಕ್ ಇದ್ದೂ ತಳ್ಳುತ್ತಿದ್ದರೆ ಅದು ಹಳೆಯ ಕುಕೀ ನೆನಪಿಟ್ಟುಕೊಂಡಿರಬಹುದು. ಅದೇ ವಿಳಾಸವನ್ನು ಇನ್‌ಕಾಗ್ನಿಟೋ ಟ್ಯಾಬ್‌ನಲ್ಲಿ ಟಿಕ್ ಹಾಕಿ ತೆರೆದರೆ ಖಾತ್ರಿಯಾಗುತ್ತದೆ. ಅಲ್ಲಿ ಸರಿ ಬಂದರೆ ಆ ಸೈಟಿನ ಕುಕೀ ಅಳಿಸಿ. ಮತ್ತೆ ಲಾಗಿನ್ ಆಗಬೇಕಾಗುತ್ತದೆ, ಅದೊಂದು ಕಿರಿಕಿರಿ.

ಐಫೋನಿನ ಸಫಾರಿಯಲ್ಲಿ ಇದೇ ಆಯ್ಕೆ ‘Request Desktop Website’ ಅಂತಿರುತ್ತದೆ, ವಿಳಾಸದ ಪಟ್ಟಿಯ ಪಕ್ಕದ ಗುಂಡಿಯೊಳಗೆ.

ಕೆಲಸ ಮುಗಿದ ಮೇಲೆ ಟಿಕ್ ತೆಗೆಯೋದನ್ನು ಮರೆಯಬೇಡಿ. ಇಲ್ಲದಿದ್ದರೆ ಕ್ರೋಮ್ ಆ ಸೈಟಿಗೆ ಅದನ್ನು ನೆನಪಿಟ್ಟುಕೊಳ್ಳಬಹುದು. ವಾರದ ನಂತರ ಅದೇ ಸೈಟು ಪುಟಾಣಿ ಅಕ್ಷರದಲ್ಲಿ ಬಂದರೆ ಫೋನು ಕೆಟ್ಟಿಲ್ಲ. ಕ್ರೋಮ್‌ನ ‘Settings’, ಅದರೊಳಗೆ ‘Site settings’, ಅಲ್ಲಿ ‘Desktop site’ ನೋಡಿ. ಆ ಸೈಟಿನ ಹೆಸರು ಅಲ್ಲಿ ಸುಮ್ನೆ ಕೂತಿರುತ್ತದೆ.